ಹೊದಿಕೆಯ ಮೇಲಿನ ಮರಿ

ಅತ್ತೆಯ ಬೆತ್ತದ ಕುರ್ಚಿ ಕೆಳಗಿನ ಮನೆಯಿಂದ ಮಹಡಿಯ ಮನೆಗೆ ಹೋದ ದಿನವೇ ಹಿರಿಯ ಸೊಸೆಯ ಎದೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಅದುವರೆಗೆ ಆ ಕುರ್ಚಿ ಅವಳ ಹೊಲಿಗೆಯಂತ್ರದ ಪಕ್ಕದಲ್ಲಿತ್ತು. ಮಧ್ಯಾಹ್ನವೆಲ್ಲ ಅತ್ತೆ ಅಲ್ಲಿ ಕುಳಿತು ರವಿಕೆಗಳಿಗೆ ಕೊಕ್ಕೆ ಹಾಕಿಕೊಡುವುದು, ಬಂದ ಗಿರಾಕಿಗಳ ಮಗಳು ಅಳಿಯಂದಿರ ಸಮಾಚಾರ ವಿಚಾರಿಸುವುದು, ಸೊಸೆ ಹೊಲಿದದ್ದನ್ನು ಬೆಳಕಿಗೆ ಹಿಡಿದು "ಕೈ ಅಂದ್ರೆ ಇದು" ಎನ್ನುವುದು ನಡೆದುಕೊಂಡು ಬಂದಿತ್ತು. ಆ ಒಂದು ಮಾತು ಅವಳಿಗೆ ಹೊಲಿಗೆಯ ಕೂಲಿಗಿಂತ ಹೆಚ್ಚಾಗಿತ್ತು. ಹೀಗಿರುವಾಗ ಮಹಡಿಯ ಮೇಲಿದ್ದ ಕಿರಿಯ ಸೊಸೆ ಒಂದು ನಾಯಿಮರಿಯನ್ನು ತಂದಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ಅವಳದು, ಹಗಲು ಮನೆಯಲ್ಲಿರುವುದಿಲ್ಲ. ಮರಿ ಒಂಟಿಯಾಗಬಾರದೆಂದು ಅತ್ತೆ ಮೇಲೆ ಹೋಗಿ ಕುಳಿತರು. ಮರಿ ಬೆಳೆದು ತೊಡೆಯೆತ್ತರದ ಹೊಂಬಣ್ಣದ ನಾಯಿಯಾದರೂ ಕುರ್ಚಿ ಕೆಳಗೆ ಇಳಿಯಲಿಲ್ಲ.

ನಾಯಿಗೆ 'ದೊರೆ' ಎಂದು ಹೆಸರಿಟ್ಟಿದ್ದರು. ಹಿರಿಯಳು ಮಾತ್ರ ಅದನ್ನು 'ನಿಮ್ಮ ಸಾಹೇಬರು' ಎನ್ನುತ್ತಿದ್ದಳು. "ಸಾಹೇಬರ ಊಟ ಆಯ್ತಾ, ನಾವೂ ಉಣ್ಣಬಹುದಾ?" ಎಂದು ಮೆಟ್ಟಿಲ ಬುಡದಿಂದ ಕೂಗುವಳು. ಕಿರಿಯಳು ಅದನ್ನು ತಮಾಷೆಯೆಂದೇ ತಿಳಿದು ನಗುವಳು. ತಮಾಷೆಯಲ್ಲವೆಂದು ತಿಳಿಯುವಷ್ಟು ಕೆಟ್ಟತನ ಅವಳಲ್ಲಿರಲಿಲ್ಲ. ಹಿರಿಯಳಿಗೆ ಅದೂ ಒಂದು ಸಂಕಟವಾಗಿತ್ತು.

ಕೊನೆಗೊಂದು ದಿನ, ತಾನೂ ಅಂಥದೇ ನಾಯಿಯನ್ನು ತಂದರೆ ಕುರ್ಚಿ ತಾನಾಗಿ ಇಳಿದು ಬರುತ್ತದೆಂದು ಅವಳು ನಿಶ್ಚಯಿಸಿದಳು. ನಾಯಿಯ ಮೇಲೆ ಅವಳಿಗೆ ಪ್ರೀತಿಯಿರಲಿಲ್ಲವೆಂದಲ್ಲ. ಆದರೆ ಒಂದು ಜೀವವನ್ನು ಇನ್ನೊಬ್ಬರನ್ನು ಸೋಲಿಸುವುದಕ್ಕಾಗಿ ಮನೆಗೆ ತರಲು ಹೊರಟವರು ಆ ಜೀವದ ಹಿತವನ್ನು ಎರಡನೆಯದಾಗಿ ಮಾತ್ರ ನೋಡಬಲ್ಲರು. ಮುಂದೆ ನಡೆದದ್ದಕ್ಕೆಲ್ಲ ಇದೇ ಬೇರು.

ದೊರೆಯನ್ನು ಕೊಟ್ಟಿದ್ದ ಹೆಂಗಸಿನ ಫೋನ್ ನಂಬರನ್ನು ಕಿರಿಯಳೇ ಕೊಟ್ಟಳು. ಆಕೆ ಮನೆಯಲ್ಲಿ ಒಂದೇ ಜಾತಿಯ ನಾಯಿಗಳನ್ನು ಸಾಕಿ, ಯಾವಾಗಲೋ ಒಮ್ಮೆ ಮರಿ ಹಾಕಿಸುವವಳು. ಹಿರಿಯಳು ಫೋನ್ ಮಾಡಿದಾಗ ಆಕೆ ಮರಿಯ ಮಾತಿಗಿಂತ ಮೊದಲು ಮನೆಯ ಮಾತೆತ್ತಿದಳು. ಹಗಲು ಯಾರಿರುತ್ತಾರೆ, ಹೊಲಿಗೆಯ ಕೋಣೆಯಲ್ಲಿ ಸೂಜಿ ಗುಂಡುಪಿನ್ನು ನೆಲಕ್ಕೆ ಬೀಳುವುದಿಲ್ಲವೇ, ನಡೆದಾಡಿಸುವವರು ಯಾರು, ಸಾಕಲಾಗದ ಕಾಲ ಬಂದರೆ ನನಗೇ ವಾಪಸು ಕೊಡುವಿರಾ ಎಂದು ಕೇಳಿದಳು. ಸದ್ಯಕ್ಕೆ ಮರಿಗಳಿಲ್ಲ, ತಾಯಿಗೆ ವಿಶ್ರಾಂತಿ ಬೇಕು, ಮುಂದಿನ ವರ್ಷಕ್ಕೆ ಹೆಸರು ಬರೆದುಕೊಳ್ಳುತ್ತೇನೆ, ಅಷ್ಟರೊಳಗೆ ಒಮ್ಮೆ ಬಂದು ತಾಯಿಯನ್ನು ನೋಡಿ, ಕೀಲಿನ ದೋಷ ಮರಿಗೆ ಬರುವುದಿಲ್ಲವೆಂಬುದಕ್ಕೆ ಅಪ್ಪ ಅಮ್ಮ ಎರಡರ ಸೊಂಟದ ಎಕ್ಸ್‌ರೇ ತೋರಿಸುತ್ತೇನೆ ಎಂದಳು. ಜವಾಬ್ದಾರಿಯುಳ್ಳವರು ಹೀಗೆಯೇ ಮಾತನಾಡುತ್ತಾರೆ. ಆದರೆ ಹಿರಿಯಳ ಕಿವಿಗೆ ಅದರಲ್ಲಿ ಅವಮಾನವಲ್ಲದೆ ಬೇರೇನೂ ಕೇಳಿಸಲಿಲ್ಲ.

"ಹೆಣ್ಣು ಕೊಡೋರು ಕೂಡ ಇಷ್ಟು ಕೇಳಲ್ಲ" ಎಂದು ಅವಳು ಗಂಡನ ಮುಂದೆ ಸಿಡಿದಳು. "ನನ್ನ ಮನೇಲಿ ಗುಂಡುಪಿನ್ನಿದೆಯಂತೆ. ಮಹಡಿ ಮೇಲಿನೋರಿಗೆ ಕೇಳ್ದಲೇ ಕೊಟ್ಟಿರ್ತಾಳೆ."

ಗಂಡ ಪತ್ರಿಕೆಯಿಂದ ತಲೆಯೆತ್ತದೆ, ಗುಂಡುಪಿನ್ನು ಇರುವುದು ನಿಜವಲ್ಲವೇ, ನಿನ್ನೆ ತಾನೇ ನನ್ನ ಹಿಮ್ಮಡಿಗೆ ಚುಚ್ಚಿತು ಎಂದ. ಅಂದು ಅವಳು ಅವನ ಊಟದ ತಟ್ಟೆಯನ್ನು ಕುಕ್ಕಿ ಇಟ್ಟಳು.

ಅವಳು ಅಂತರ್ಜಾಲದ ಜಾಹೀರಾತುಗಳನ್ನು ತಿರುವಿಹಾಕತೊಡಗಿದಳು. ಹಳೆಯ ಸೋಫಾ, ಬಾಡಿಗೆ ಮನೆ, ಓಡದ ಸ್ಕೂಟರು, ಇವುಗಳ ನಡುವೆ ನಾಯಿಮರಿಗಳೂ ಮಾರಾಟಕ್ಕಿದ್ದವು. ಅಲ್ಲಿಯೇ ಒಂದು ಸಂಜೆ ಅವಳ ಬೆರಳು ತಟ್ಟನೆ ನಿಂತಿತು. 'ಮನೆಯಲ್ಲಿ ಮುದ್ದಿನಿಂದ ಸಾಕಿದ ಗೋಲ್ಡನ್ ರಿಟ್ರೀವರ್ ಮರಿ. ಒಂದೇ ಉಳಿದಿದೆ. ಇಂದೇ ಕರೆ ಮಾಡಿ.' ಮೇಲೆ ಚಿತ್ರ. ಚಿತ್ರದಲ್ಲಿ ಹೊಂಬಣ್ಣದ ಮರಿ. ಮರಿಯ ಅಡಿಯಲ್ಲಿ ತುಂಡುಬಟ್ಟೆಗಳನ್ನು ಕೂಡಿಸಿ ಹೊಲಿದ ಒಂದು ಹೊದಿಕೆ.

ಆ ಹೊದಿಕೆ ಅವಳೇ ಹೊಲಿದದ್ದು. ದೊರೆ ಮನೆಗೆ ಬಂದ ವಾರ ಅತ್ತೆಯ ಒತ್ತಾಯಕ್ಕೆ ಕಟ್ಟುಬಿದ್ದು ಹೊಲಿದುಕೊಟ್ಟದ್ದು. ಹಸಿರು ಚೌಕ ಸಾಲದೆ ಮೂಲೆಯಲ್ಲಿ ನೀಲಿಯನ್ನು ಸೇರಿಸಿದ್ದಳು, ಅಂಚಿಗೆ ಕೆಂಪು ದಾರದಲ್ಲಿ ಎರಡು ಸಾಲು ಓಡಿಸಿದ್ದಳು. ತನ್ನ ಹೊಲಿಗೆಯನ್ನು ದರ್ಜಿ ಗುರುತಿಸದಿರುವಳೇ? ಅದರ ಮೇಲಿದ್ದದ್ದು ಎಳೆಯ ಪ್ರಾಯದ ದೊರೆ.

ನೆಟ್ಟಗೆ ಯೋಚಿಸುವವರಿಗೆ ಇಷ್ಟೇ ಸಾಕಾಗಿತ್ತು. ಕಿರಿಯಳು ತನ್ನ ಮರಿಯ ಚಿತ್ರಗಳನ್ನು ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲಿ ಹಾಕುತ್ತಿದ್ದಳು. ಯಾರೋ ಒಂದನ್ನು ಕದ್ದಿದ್ದಾರೆ. ಬೇರೆಯವರ ನಾಯಿಯ ಚಿತ್ರ ತೋರಿಸಿ ಮಾರುವವನ ಬಳಿ ತೋರಿಸಬಹುದಾದ ಮರಿಯಿಲ್ಲ. ಆದರೆ ಹಿರಿಯಳ ಮನಸ್ಸು ಆ ದಾರಿ ಹಿಡಿಯಲಿಲ್ಲ. ಅವಳಿಗೆ ಹೊಳೆದದ್ದು ಒಂದೇ, ಹೊಳೆದೊಡನೆ ಮೈ ಹಗುರಾಯಿತು: ಓರಗಿತ್ತಿ ದೊರೆಯನ್ನು ತಂದದ್ದು ಇವನ ಹತ್ತಿರದಿಂದಲೇ. ಮರಿ ಚೆನ್ನಾಗಿದೆಯೆಂದು ಚಿತ್ರ ಕಳಿಸಿದ್ದಾಳೆ, ಇವನು ಜಾಹೀರಾತಿಗೆ ಬಳಸಿಕೊಂಡಿದ್ದಾನೆ. ಎಕ್ಸ್‌ರೇ, ಕಾಯುವ ಪಟ್ಟಿ, ಸಂದರ್ಶನ, ಎಲ್ಲ ದೊಡ್ಡಸ್ತಿಕೆಯ ಬೊಗಳೆ. ತನ್ನನ್ನು ಆ ಹೆಂಗಸಿನ ಬಳಿ ಕಳಿಸಿದ್ದೂ ಕೈಗೆ ಮರಿ ಸಿಗದಿರಲೆಂದೇ.

ಹೀಗೆ, ಓಡಿಹೋಗಬೇಕೆಂದು ಹೇಳುತ್ತಿದ್ದ ಗುರುತನ್ನೇ ಅವಳು ನಂಬಿಕೆಯ ಮುದ್ರೆಯೆಂದು ಓದಿಕೊಂಡಳು.

ಮಾರುವವನ ದನಿ ಬೆಣ್ಣೆಯಂತಿತ್ತು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮನೆಯಲ್ಲಿ ಯಾರಿದ್ದಾರೆಂದಾಗಲಿ, ಹಿಂದೆ ನಾಯಿ ಸಾಕಿದ್ದೀರಾ ಎಂದಾಗಲಿ ಅವನಿಗೆ ಬೇಕಿರಲಿಲ್ಲ. ಅದನ್ನು ಅವಳು ಮರ್ಯಾದೆಯೆಂದು ತಿಳಿದಳು. ಗೋಲ್ಡನ್ ಬೇಡವಾದರೆ ಪಗ್ ಇದೆ, ಬೀಗಲ್ ಇದೆ, ಪೊಮೇರಿಯನ್ ಇದೆ, ಎಲ್ಲ ಮನೆಯಲ್ಲೇ ಸಾಕಿದ್ದು ಎಂದ. ಅಷ್ಟು ಬಗೆಯ ನಾಯಿಗಳು ಯಾವ ಮನೆಯಲ್ಲಿ ಹಿಡಿಸುತ್ತವೆಂದು ಅವಳು ಕೇಳಲಿಲ್ಲ. ತಳಿಯ ಪೇಪರ್ ಬೇಕಾದರೆ ಒಂದು ಬೆಲೆ, ಬೇಡವಾದರೆ ಇನ್ನೊಂದು ಬೆಲೆ ಎಂದ. ಪೆಟ್ರೋಲ್ ಬಂಕಿನ ಹತ್ತಿರ ತಂದುಕೊಡುತ್ತೇನೆ, ನೀವು ಅಲೆದಾಡಬೇಡಿ ಎಂದ. ತಾಯಿಯನ್ನು ನೋಡದೆ ತರಕೂಡದೆಂದು ಗಂಡ ಹಟ ಹಿಡಿದದ್ದರಿಂದ, ಒಲ್ಲದ ಮನಸ್ಸಿನಿಂದ ಒಂದು ವಿಳಾಸ ಕೊಟ್ಟ.

ಅದು ಬೀದಿಯ ಕೊನೆಯ ಮನೆ. ಗಂಡ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತ ಹಿಂದುಳಿದ. ಅವಳು ಕಾಯದೆ ಒಳಗೆ ಹೋದಳು. ಮುಂದಿನ ಕೋಣೆಯಲ್ಲಿ ಒಂದು ಸೋಫಾ, ಗೋಡೆಗೆ ಒಂದು ಗಡಿಯಾರ, ಮತ್ತೇನೂ ಇಲ್ಲ. ನಾಯಿಯಿರುವ ಮನೆಯಲ್ಲಿ ಕಾಣಬೇಕಾದ ನೀರಿನ ಬಟ್ಟಲಿಲ್ಲ, ಕಚ್ಚಿ ಹರಿದ ಚಪ್ಪಲಿಯಿಲ್ಲ, ಮೂಲೆಯಲ್ಲಿ ಕೂದಲಿಲ್ಲ. ಫಿನಾಯಿಲಿನ ನಾತ ಮಾತ್ರ ಕಣ್ಣುರಿಸುವಷ್ಟಿತ್ತು. ಅವನು ಒಳಗಿನಿಂದ ಒಂದು ಹೆಣ್ಣು ನಾಯಿಯನ್ನು ಹಗ್ಗದಲ್ಲಿ ಎಳೆದುಕೊಂಡು ಬಂದ. ಇನ್ನೊಂದು ಕೈಯಲ್ಲಿ ಮರಿ. ಕೆಳಗೆ ಬಿಟ್ಟ ಮರಿ ತಾಯಿಯ ಕಡೆಗೆ ಹೋಗಲಿಲ್ಲ. ತಾಯಿ ಮರಿಯನ್ನು ಮೂಸಲಿಲ್ಲ. ತಾಯಿಯ ಹೊಟ್ಟೆ ಬಿಗಿಯಾಗಿತ್ತು. ಇತ್ತೀಚೆಗೆ ಮೊಲೆಯೂಡಿದ ಗುರುತೇ ಇರಲಿಲ್ಲ. ಎರಡು ಮಕ್ಕಳನ್ನು ಹೆತ್ತು ಸಾಕಿದ ಅವಳ ಕಣ್ಣಿಗೆ ಅದು ಬಿದ್ದೇ ಬಿತ್ತು. ಕೇಳಿದಳು.

"ಹಾಲು ಬಿಡಿಸಿ ಆಯ್ತಲ್ಲ ಮೇಡಂ" ಎಂದ ಅವನು.

ಅವಳ ಬಾಯಲ್ಲಿ ಮುಂದಿನ ಪ್ರಶ್ನೆ ಮರಿಯ ಬಗ್ಗೆ ಬರಬೇಕಿತ್ತು. ಬಂದದ್ದು ಬೇರೆ. "ಆ ಫೋಟೋದಲ್ಲಿರೋ ನಾಯಿ, ನಮ್ಮ ಓರಗಿತ್ತೀದು. ಅವಳು ನಿಮ್ಮ ಹತ್ರಾನೇ ತಗೊಂಡಿದ್ದಾ?"

ಅವನು ಅವಳ ಮುಖವನ್ನು ಒಂದು ಕ್ಷಣ ಓದಿದ. ಇಂಥವರ ವಿದ್ಯೆಯೆಲ್ಲ ಆ ಒಂದು ಕ್ಷಣದಲ್ಲಿದೆ.

"ಹೂಂ ಮೇಡಂ, ಹಳೇ ಕಸ್ಟಮರ್. ಆದ್ರೆ ನಾನು ಹೇಳ್ದೆ ಅನ್ಬೇಡಿ. ಯಾರಿಗೂ ಗೊತ್ತಾಗ್ಬಾರ್ದು ಅಂದಿದ್ರು."

ಅವಳಿಗೆ ಮತ್ತೇನೂ ಬೇಕಿರಲಿಲ್ಲ. ಗಂಡ ಒಳಗೆ ಬರುವಷ್ಟರಲ್ಲಿ ಹಣ ಕೈಬದಲಾಗಿ, ಮರಿ ಅವಳ ಸೆರಗಿನಲ್ಲಿತ್ತು. ಮಾರಿದವನು ಲಸಿಕೆಯ ಕಾರ್ಡೊಂದನ್ನು ಕೊಟ್ಟ; ಅದರಲ್ಲಿ ತಾರೀಕುಗಳಿದ್ದವು, ಲಸಿಕೆಯ ಚೀಟಿ ಅಂಟಿಸಿರಲಿಲ್ಲ, ಯಾವ ವೈದ್ಯರ ಮುದ್ರೆಯೂ ಇರಲಿಲ್ಲ.

ಮರಿಗೆ 'ಚೂರಿ' ಎಂದು ಹೆಸರಿಟ್ಟಳು. ಬಟ್ಟೆಯ ಚೂರಿನಷ್ಟು ಹಗುರವಿದ್ದದ್ದಕ್ಕೆ ಆ ಹೆಸರು; ಚಾಕುವಿನ ನೆನಪು ಅದರಲ್ಲಿರಲಿಲ್ಲ. ದೊರೆಯದಕ್ಕಿಂತ ಚೆಂದದ ಹೊದಿಕೆಯೊಂದನ್ನು ರೇಷ್ಮೆಯ ತುಂಡುಗಳಿಂದ ಹೊಲಿದು, ಅದರ ಮೇಲೆ ಮಲಗಿಸಿ, ಚಿತ್ರ ತೆಗೆದು ಎಲ್ಲರೂ ನೋಡುವಂತೆ ಹಾಕಿದಳು. ಅತ್ತೆ ಇಳಿದು ಬಂದರು. ಮರಿಯನ್ನು ಮಡಿಲಿಗೆ ಹಾಕಿಕೊಂಡು, "ಮೇಲಿಂದ ಆ ಕುರ್ಚಿ ತರಿಸು, ನೆಲದಲ್ಲಿ ಕೂರಕ್ಕಾಗಲ್ಲ" ಎಂದರು. ಕಿರಿಯಳೇ ಕುರ್ಚಿ ಹೊತ್ತು ತಂದಳು. ಮರಿಯನ್ನು ನೋಡಿ ತುಂಬ ಚಿಕ್ಕದಲ್ಲವೇ ಅಕ್ಕ, ಒಮ್ಮೆ ಡಾಕ್ಟರಿಗೆ ತೋರಿಸೋಣವೇ ಎಂದಳು. ಹಿರಿಯಳು ನಕ್ಕು, ನಿನ್ನದು ಬಂದಾಗ ಇಷ್ಟೇ ಇರಲಿಲ್ಲವೇ, ಇಬ್ಬರದೂ ಒಂದೇ ಕಡೆಯದಲ್ಲವೇ ಎಂದು ಒಂದು ಚುಚ್ಚುಮಾತು ಬಿಟ್ಟಳು. ಕಿರಿಯಳಿಗೆ ಅದು ಅರ್ಥವಾಗಲಿಲ್ಲ. ಎಷ್ಟು ಚೆನ್ನಾಗಿ ನಟಿಸುತ್ತಾಳೆಂದು ಹಿರಿಯಳು ಮನಸ್ಸಿನಲ್ಲೇ ಬೆರಗಾದಳು.

ಆ ವಾರ ಅವಳು ಗೆದ್ದವಳಾಗಿದ್ದಳು. ಮರಿ ಮಾತ್ರ ಆಡಲಿಲ್ಲ. ಹಾಲನ್ನು ಮೂಸಿ ತಲೆ ತಿರುಗಿಸಿತು. ಮೊದಲು ನಿದ್ದೆಯೆಂದುಕೊಂಡರು, ಆಮೇಲೆ ಸಾಧು ಸ್ವಭಾವವೆಂದುಕೊಂಡರು. ಒಂದು ಬೆಳಿಗ್ಗೆ ಅದರ ಹೊಟ್ಟೆಯಿಂದ ಡಾಂಬರಿನಂತೆ ಕಪ್ಪಗೆ ಭೇದಿ ಹೋಯಿತು. ನಿಲ್ಲಲು ಹೋಗಿ ಕುಸಿಯಿತು. ಅವಳು ಮಾರಿದವನಿಗೆ ಫೋನ್ ಮಾಡಿದಳು. ಜಾಗ ಬದಲಾದದ್ದಕ್ಕೆ ಹಾಗಾಗುತ್ತದೆ, ಗ್ಲೂಕೋಸ್ ನೀರು ಕೊಡಿ ಎಂದ. ಮತ್ತೆ ಮಾಡಿದರೆ ಕರೆ ಹೋಗಲೇ ಇಲ್ಲ. ಅತ್ತೆ ಮರಿಯ ತುಟಿಯನ್ನು ಬಿಡಿಸಿ ನೋಡಿದರು. ವಸಡು ಹೊಸ ಕಾಗದದಂತೆ ಬೆಳ್ಳಗಿತ್ತು.

"ಮೇಲಿನವಳನ್ನ ಕೂಗು" ಎಂದರು ಅತ್ತೆ.

"ಬೇಡ. ನಾನೇ ಕರ್ಕೊಂಡು ಹೋಗ್ತೀನಿ."

ಪಶುವೈದ್ಯೆ ಮರಿಯ ಬಾಯಿ ತೆರೆದು ಹಲ್ಲು ನೋಡಿದರು. ಕಾರ್ಡಿನಲ್ಲಿ ಎರಡು ತಿಂಗಳು ತುಂಬಿದೆಯೆಂದು ಬರೆದಿದೆ, ಇದಕ್ಕೆ ದವಡೆಯ ಹಾಲುಹಲ್ಲೇ ಇನ್ನೂ ಸರಿಯಾಗಿ ಬಂದಿಲ್ಲ, ತಾಯಿಯ ಹತ್ತಿರ ಇನ್ನೂ ಮೂರು ವಾರವಾದರೂ ಇರಬೇಕಾದ ಕೂಸು ಎಂದರು. ಪಾರ್ವೊ ಸೋಂಕು ಇದೆಯೇ ಎಂದು ಪರೀಕ್ಷಿಸಿದರು, ಇರಲಿಲ್ಲ. ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೊಕ್ಕೆಹುಳದ ಮೊಟ್ಟೆಗಳು ಎಣಿಸಲಾರದಷ್ಟು ಕಂಡವು. ಹುಳ ತಾಯಿಯ ಹಾಲಿನಲ್ಲೇ ಬಂದಿದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರಿದೆ. ಹುಳಕ್ಕೆ ಔಷಧಿಯಿದೆ, ಆದರೆ ಔಷಧಿ ಕೆಲಸ ಮಾಡುವವರೆಗೆ ಉಳಿಯಲು ಮರಿಯಲ್ಲಿ ರಕ್ತವಿಲ್ಲ.

ಹಾಲಿನಲ್ಲಿ ಹುಳ ಹೇಗೆ ಬರುತ್ತದೆಂದು ಅವಳು ಕೇಳಿದಳು. ವೈದ್ಯೆ ಹೇಳಿದ್ದನ್ನು ನಾನಿಲ್ಲಿ ಮೆದುಗೊಳಿಸದೆ ಬರೆಯಬೇಕು. ಊರಾಚೆ ತಗಡಿನ ಶೆಡ್ಡುಗಳಿರುತ್ತವೆ. ಅಲ್ಲಿ ಮೇಲೊಂದು ಕೆಳಗೊಂದು ಪಂಜರಗಳು. ಮೇಲಿನದರ ಹೇಸಿಗೆ ಕೆಳಗಿನದರ ಮೇಲೆ. ಆ ಹೇಸಿಗೆಯ ಹುಳ ತಾಯಿಯ ಮೈ ಸೇರಿ ಹಾಲಿಗೆ ಇಳಿಯುತ್ತದೆ. ಬೆದೆಗೆ ಬಂದಾಗಲೆಲ್ಲ ಹೆಣ್ಣು ನಾಯಿಗೆ ಗಂಡು ಬಿಡುತ್ತಾರೆ. ಹುಳದ ಔಷಧಿಯಿಲ್ಲ, ಲಸಿಕೆಯಿಲ್ಲ, ಬಿಸಿಲಿಲ್ಲ. ಮರಿ ಬೆಳೆದಷ್ಟೂ ತಿನ್ನುತ್ತದೆ, ಮುದ್ದು ಕಡಿಮೆಯಾಗುತ್ತದೆಂದು ಎಳೆಯದನ್ನೇ ಕಿತ್ತು ಮಾರುತ್ತಾರೆ. ಕೊಳ್ಳುವವರ ಕಣ್ಣಿಗೆ ಶೆಡ್ಡು ಬೀಳದಂತೆ ಪೇಟೆಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು, ತಾಯಿಯೆಂದು ತೋರಿಸಲು ಒಂದು ನಾಯಿಯನ್ನು ಕಟ್ಟಿರುತ್ತಾರೆ. ನಿಜವಾದ ತಾಯಿಗೆ ಹೆರಿಗೆ ನಿಂತ ದಿನ ಅದರ ಅನ್ನವೂ ನಿಲ್ಲುತ್ತದೆ. ಇದನ್ನು ವ್ಯಾಪಾರವೆಂದು ಕರೆಯುವವರಿಗೆ ನಾಚಿಕೆಯಾಗಬೇಕು; ಮುದ್ದು ಚಿತ್ರಕ್ಕೆ ಮರುಳಾಗಿ ಅದನ್ನು ನಡೆಸಿಕೊಂಡು ಹೋಗುವ ನಮಗೂ.

"ರಕ್ತ ಎಲ್ಲಿಂದ ತರ್ಲಿ?" ಎಂದು ಅವಳು ಕೇಳಿದಳು.

"ದೊಡ್ಡ ನಾಯಿ ಬೇಕು. ಆರೋಗ್ಯವಾಗಿರ್ಬೇಕು, ಎಲ್ಲಾ ಲಸಿಕೆ ಆಗಿರ್ಬೇಕು. ನಿಮ್ಮ ಮಹಡಿ ಮೇಲೇ ಇದೆಯಲ್ಲ, ದೊರೆ. ಅವನನ್ನ ನೋಡ್ಕೊಳ್ಳೋದು ನಾನೇ."

ಬೇರೆ ನಾಯಿ ಸಿಗದೇ ಎಂದು ಅವಳು ಕೇಳಿದಳು. ಹುಡುಕಬಹುದು, ಸಂಜೆಯಾಗುತ್ತದೆ, ಇದು ಸಂಜೆಯವರೆಗೆ ಕಾಯುವುದಿಲ್ಲ ಎಂದರು ವೈದ್ಯೆ. ಅವಳು ಹೊರಗಿನ ಬೆಂಚಿನ ಮೇಲೆ ಫೋನ್ ಹಿಡಿದು ಕುಳಿತಳು. ಆ ಗಳಿಗೆಯಲ್ಲೂ ಅವಳ ಕಣ್ಣಮುಂದೆ ಬಂದದ್ದು ಚೂರಿಯ ಬಿಳಿ ವಸಡಲ್ಲ, ಮಹಡಿಗೆ ಏರುತ್ತಿರುವ ಬೆತ್ತದ ಕುರ್ಚಿ. ಕರೆ ಮಾಡಿದರೆ ಓರಗಿತ್ತಿಯ ನಾಯಿಯೇ ತನ್ನ ನಾಯಿಯನ್ನು ಬದುಕಿಸಿದ್ದೆಂದು ಮನೆಯಲ್ಲಿ ಎಂದೆಂದಿಗೂ ಹೇಳುತ್ತಾರೆ. ಒಳಗೆ ಮರಿ ಬಿಕ್ಕಿದಂತೆ ಒಂದು ಸದ್ದು ಮಾಡಿತು. ಅಷ್ಟು ಸಣ್ಣ ಸದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಬೆರಳು ತಾನಾಗಿ ನಂಬರನ್ನು ಒತ್ತಿತು.

ಕಿರಿಯಳು ಕೆಲಸದ ನಡುವೆಯೇ ಮನೆಗೆ ಓಡಿ, ದೊರೆಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದಳು. ವೈದ್ಯೆ ಎರಡರ ರಕ್ತವನ್ನೂ ಗಾಜಿನ ಮೇಲೆ ಬೆರೆಸಿ ನೋಡಿ ಹೊಂದುತ್ತದೆಂದರು. ದೊರೆಯ ಕುತ್ತಿಗೆಯ ಕೂದಲನ್ನು ಅಂಗೈಯಗಲ ಬೋಳಿಸಿ, ಸೂಜಿ ಚುಚ್ಚಿ, ದೊಡ್ಡ ಸಿರಿಂಜಿನಲ್ಲಿ ರಕ್ತ ಎಳೆದರು. ಅದು ಕಿರಿಯಳ ಮೊಣಕೈಗೆ ತಲೆಯಿಟ್ಟು ಅಲುಗದೆ ಮಲಗಿತ್ತು. ಹಿರಿಯಳಿಗೆ ಅದರ ಆ ಸಮಾಧಾನದ ಮೇಲೂ ಹೊಟ್ಟೆಕಿಚ್ಚಾಯಿತು. ಚಿಕ್ಕಂದಿನಿಂದ ಯಾರೂ ಹೆದರಿಸದೆ ಬೆಳೆಸಿದ ಜೀವ ಹಾಗೆ ಮಲಗಬಲ್ಲದು. ಚೂರಿಯಂತೂ ಕೈ ಎತ್ತಿದರೆ ಕಣ್ಣು ಮುಚ್ಚುತ್ತಿತ್ತು.

ಮರಿಯ ಮುಂಗಾಲಿನ ರಕ್ತನಾಳಕ್ಕೆ ರಕ್ತ ಹನಿಹನಿಯಾಗಿ ಇಳಿಯುತ್ತಿರುವಾಗ ವೈದ್ಯೆ ಆ ಜಾಹೀರಾತನ್ನು ತೋರಿಸಲು ಹೇಳಿದರು. ಪ್ರಾಣಿರಕ್ಷಣೆಯವರಿಗೆ ದೂರು ಕೊಡಬೇಕಿತ್ತು. ಹಿರಿಯಳು ಫೋನ್ ಕೊಟ್ಟಳು. ಕಿರಿಯಳು ಪಕ್ಕದಿಂದ ಬಗ್ಗಿ ನೋಡಿದಳು.

"ಇದು ನಮ್ಮ ದೊರೆ. ನಾನು ಹಾಕಿದ್ದ ಫೋಟೋನ ಕದ್ದಿದಾನೆ. ಅಕ್ಕ, ನೋಡಿ, ನೀವು ಹೊಲಿದ ಹೊದಿಕೆ."

"ಗೊತ್ತಿತ್ತು" ಎಂದಳು ಹಿರಿಯಳು.

"ಗೊತ್ತಿದ್ದೂ ತಗೊಂಡ್ರಾ?"

ಉತ್ತರವನ್ನು ನುಂಗಲು ಅವಳಿಗೆ ಇನ್ನೂ ಅವಕಾಶವಿತ್ತು. ನುಂಗಲಿಲ್ಲ. "ನೀನೂ ಅವನ ಹತ್ರಾನೇ ತಂದು, ನಮ್ಮ ಮುಂದೆ ದೊಡ್ಡಸ್ತಿಕೆ ಕೊಚ್ಕೋತಿದೀಯ ಅಂದ್ಕೊಂಡೆ."

ಕಿರಿಯಳ ಮುಖದಲ್ಲಿ ಮೊದಲ ಬಾರಿಗೆ ನಗು ಆರಿತು. ದೊರೆಯ ಕುತ್ತಿಗೆಯ ಮೇಲಿನ ಹತ್ತಿಯನ್ನು ಅವಳು ಬಹಳ ಹೊತ್ತು ಒತ್ತಿ ಹಿಡಿದಿದ್ದಳು. "ನನ್ನನ್ನ ಒಂದ್ಮಾತು ಕೇಳ್ಬಹುದಿತ್ತಲ್ಲ ಅಕ್ಕ."

"ಕೇಳಿದ್ರೆ ನೀನು ನಿಜ ಹೇಳ್ಬಿಡ್ತಿದ್ದೆ."

ಸಿರಿಂಜು ಬರಿದಾದಾಗ ವೈದ್ಯೆ ಮರಿಯ ತುಟಿಯನ್ನು ಎತ್ತಿ ತೋರಿಸಿದರು. ಬಿಳುಪಿನೊಳಗೆ ತುಸುವೇ ತುಸು ಗುಲಾಬಿ ಬಣ್ಣವಿತ್ತು.

ಚೂರಿ ಉಳಿಯಿತು. ದೂರಿನ ಮೇಲೆ ಹೋದವರಿಗೆ ಬೀದಿಯ ಕೊನೆಯ ಮನೆಯಲ್ಲಿ ಬೀಗ ಮಾತ್ರ ಸಿಕ್ಕಿತು. ಒಳಗೆ ಸೋಫಾ ಕೂಡ ಇರಲಿಲ್ಲ. ಕಿರಿಯಳು ಎಂದಿನಂತೆ ಬಂದುಹೋಗುತ್ತಿದ್ದಳು, ಎಂದಿನಂತೆ ನಗುತ್ತಿರಲಿಲ್ಲ. ಅತ್ತೆ ಬೆಳಿಗ್ಗೆ ಕೆಳಗೆ, ಮಧ್ಯಾಹ್ನ ಮೇಲೆ ಕೂರತೊಡಗಿದರು. ಕುರ್ಚಿಯನ್ನು ಹೊರುವ ಕೆಲಸ ಹಿರಿಯಳ ಪಾಲಿಗೆ ಬಂತು. ಪ್ರತಿ ಮೆಟ್ಟಿಲಿಗೂ ಅವಳ ಹಳೆಯ ನೋವು ಒಮ್ಮೆ ಮಿಸುಕುತ್ತಿತ್ತು. ಅದು ಹೋಯಿತೆಂದು ಬರೆದರೆ ನಾನು ಸುಳ್ಳು ಬರೆದಂತೆ.

ಒಂದು ತಿಂಗಳಾದ ಮೇಲೆ ಪರಿಚಯವಿಲ್ಲದ ಹೆಂಗಸೊಬ್ಬಳಿಂದ ಸಂದೇಶ ಬಂತು. ಜೊತೆಗೊಂದು ಜಾಹೀರಾತು. ಬೇರೆ ಹೆಸರು, ಬೇರೆ ನಂಬರು, ಅದೇ ಮಾತು: 'ಒಂದೇ ಉಳಿದಿದೆ. ಇಂದೇ ಕರೆ ಮಾಡಿ.' ಮೇಲಿನ ಚಿತ್ರದಲ್ಲಿ ರೇಷ್ಮೆಯ ತುಂಡುಗಳ ಹೊದಿಕೆಯ ಮೇಲೆ ಚೂರಿ. 'ನಿಮ್ಮ ಪುಟದಲ್ಲಿ ಇದೇ ಮರಿಯ ಫೋಟೋ ನೋಡಿದೆ. ಇವರ ಹತ್ತಿರವೇ ತೆಗೆದುಕೊಂಡಿರಲ್ಲವೇ? ಹಾಗಾದರೆ ನಂಬಬಹುದು. ಮುಂಗಡ ಕಳಿಸುತ್ತಿದ್ದೇನೆ.'

ಹಿರಿಯಳು ಯಂತ್ರವನ್ನು ನಿಲ್ಲಿಸಿದಳು. ಹಣ ಕಳಿಸಬೇಡಿ, ಮರಿಯನ್ನು ಅದು ಹುಟ್ಟಿದ ಜಾಗದಲ್ಲಿ, ಹಾಲೂಡುವ ತಾಯಿಯ ಪಕ್ಕದಲ್ಲಿ ನೋಡದೆ ತರಬೇಡಿ, ಪ್ರಶ್ನೆಯನ್ನೇ ಕೇಳದೆ ಮಾರುವವನನ್ನು ನಂಬಬೇಡಿ ಎಂದು ಬರೆದಳು. ಉತ್ತರ ಕೂಡಲೇ ಬಂತು:

'ನಿಮಗೆ ಸಿಕ್ಕಿದ್ದು ಬೇರೆಯವರಿಗೆ ಸಿಗಬಾರದು ಅಂತ ಹೊಟ್ಟೆಕಿಚ್ಚಾ?'

ಅವಳಿಗೆ ಕೋಪ ಬರಲಿಲ್ಲ. ಆ ಪ್ರಶ್ನೆ ಎಲ್ಲಿಂದ ಹುಟ್ಟುತ್ತದೆಂದು ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ. ಮುಂಗಾಲು ಬೋಳಿಸಿ ಪಟ್ಟಿ ಕಟ್ಟಿದ, ಬಿಳಿ ವಸಡಿನ ಚೂರಿಯ ಚಿತ್ರವೊಂದನ್ನು ಅಂದು ಕಿರಿಯಳು ದೂರಿಗೆಂದು ತೆಗೆದಿದ್ದಳು. ಹಿರಿಯಳು ಮೆಟ್ಟಿಲ ಬುಡಕ್ಕೆ ಹೋಗಿ ಓರಗಿತ್ತಿಯನ್ನು ಕೂಗಿ, ಅದನ್ನು ಕೇಳಿ ತರಿಸಿಕೊಂಡು ಕಳಿಸಿದಳು. ಕೆಳಗೆ ಬರೆದಳು: 'ಹೊಟ್ಟೆಕಿಚ್ಚಿನಿಂದ ತಂದವಳು ನಾನು. ನಮ್ಮ ಮನೆಗೆ ಬಂದು ಈ ಮರಿಯನ್ನು ನೋಡಿ, ಆಮೇಲೂ ಬೇಕೆನಿಸಿದರೆ ಹಣ ಕಳಿಸಿ.'

ಚೂರಿ ಅವಳ ಪಾದದ ಬಳಿ ಉರುಳಿದ್ದ ದಾರದ ಉಂಡೆಗೆ ಬಾಯಿ ಹಾಕಿತು. ಅವಳು ಬಗ್ಗಿ ಅದನ್ನು ಬಿಡಿಸಿಕೊಳ್ಳುವಾಗ, ಬಿದ್ದಿದ್ದ ಗುಂಡುಪಿನ್ನೊಂದನ್ನೂ ಹೆಕ್ಕಿ ಡಬ್ಬಿಗೆ ಹಾಕಿದಳು. ಅಷ್ಟರಲ್ಲಿ ಫೋನ್ ಸದ್ದು ಮಾಡಿತು.

'ನಿಮ್ಮ ವಿಳಾಸ ಕೊಡಿ' ಎಂದಿತ್ತು.